‘ನೋಡೋಣ’ ಅಂದರೆ ಎಷ್ಟು ದಿನ?

“ಅಕ್ಕಾ, ಅವನು ದಾವಣಗೆರೆಗೆ ಹೆಣ್ಣು ನೋಡೋಕೆ ಹೋಗಿ ಬಂದಿದಾನೆ.”

ಭಾನುವಾರ ರಾತ್ರಿ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ಆಡಿದ ಮೊದಲ ಮಾತು ಇದು. ಅವಳಿಗೆ ಇಪ್ಪತ್ತೊಂಬತ್ತು. ಶಿವಮೊಗ್ಗದವಳು, ಬೆಂಗಳೂರಿನಲ್ಲಿ ಕೆಲಸ. ಹುಡುಗ ಧಾರವಾಡದವನು, ಡೇಟಿಂಗ್ ಆಪ್‌ನಲ್ಲಿ ಪರಿಚಯವಾದವನು. ಏಳು ವಾರದಲ್ಲಿ ಎಂಟು ಸಲ ಸಿಕ್ಕಿದ್ದರು. ಎರಡು ವಾರದ ಹಿಂದೆ ಜಯನಗರದ ಹೋಟೆಲೊಂದರಲ್ಲಿ ಕೂತು ಅವಳು ನೇರವಾಗಿ ಕೇಳಿದ್ದಳು, “ನೀವು ಬೇರೆ ಯಾರನ್ನಾದ್ರೂ ನೋಡ್ತಿದೀರಾ?” ಅಂತ. “ಇಲ್ರೀ, ಯಾರನ್ನೂ ನೋಡ್ಲಿಕ್ಕತ್ತಿಲ್ಲ” ಅಂದಿದ್ದ. ಅವಳು ನಂಬಿದಳು. ಈಗ ನೋಡಿದರೆ ದಾವಣಗೆರೆ.

ಅವನು ಸುಳ್ಳು ಹೇಳಿದ್ದನೇ? ಅವನನ್ನೇ ಕೇಳಿದಾಗ ಬಂದ ಉತ್ತರ ಇದು: “ಅದು ಮನ್ಯಾಗಿನ ಕೆಲಸರೀ. ಅವ್ವ ಕರದ್ಲು, ಹೋಗಿ ಕುಂತು ಅವಲಕ್ಕಿ ತಿಂದು ಚಹಾ ಕುಡದು ಬಂದೆ.” ಅವನ ಲೆಕ್ಕದಲ್ಲಿ ‘ನೋಡೋದು’ ಅಂದರೆ ಆಪ್‌ನಲ್ಲಿ ಇನ್ನೊಬ್ಬಳ ಜೊತೆ ಮಾತಾಡೋದು, ಕಾಫಿಗೆ ಹೋಗೋದು. ಅವ್ವ ಏರ್ಪಾಡು ಮಾಡಿದ ಹೆಣ್ಣು ನೋಡುವ ಶಾಸ್ತ್ರ ಆ ಲೆಕ್ಕಕ್ಕೇ ಬರುವುದಿಲ್ಲ. ಅವಳ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಕಾಫಿ ಕುಡಿದವರು ಮದುವೆಯಾಗದೆ ಇರಬಹುದು, ಅವಲಕ್ಕಿ ತಿಂದು ಬಂದವರು ಮೂರು ತಿಂಗಳಲ್ಲಿ ಪತ್ರಿಕೆ ಹಂಚಬಹುದು. ಒಂದೇ ಕ್ರಿಯಾಪದ, ಎರಡು ಅರ್ಥ. ಇಬ್ಬರೂ ನಿಜವನ್ನೇ ಹೇಳಿದ್ದರು.

ಭೇಟಿಗಳು ಶುರುವಾಗಿ ಕೆಲವು ವಾರ ಕಳೆದ ಮೇಲೆ ‘ಇನ್ನು ನಾವಿಬ್ಬರೇ, ಮೂರನೆಯವರಿಲ್ಲ’ ಎಂದು ಒಪ್ಪಿಕೊಳ್ಳುವ ಮಾತುಕತೆಗೆ ಹುಡುಗರು ಇಂಗ್ಲಿಷಿನ ಪದವನ್ನೇ ಎತ್ತಿಕೊಂಡಿದ್ದಾರೆ: ಎಕ್ಸ್‌ಕ್ಲೂಸಿವ್. ಆ ಪದ ಹುಟ್ಟಿದ ಕಡೆ ಮೂರನೆಯವರು ಅಂದರೆ ಸಾಮಾನ್ಯವಾಗಿ ಇನ್ನೊಬ್ಬ ಗೆಳತಿ ಅಥವಾ ಗೆಳೆಯ. ನಮ್ಮಲ್ಲಿ ಮನೆಗೆ ಎರಡು ಬಾಗಿಲು. ಮುಂಬಾಗಿಲು ಆಪ್. ಹಿತ್ತಲ ಬಾಗಿಲಲ್ಲಿ ಮ್ಯಾಟ್ರಿಮೊನಿ ಜಾಲತಾಣ, ಕೈಯಿಂದ ಕೈಗೆ ಹೋಗುವ ಜಾತಕ, ಮದುವೆ ಮನೆಯಲ್ಲಿ “ನಮ್ಮ ಹುಡುಗನಿಗೊಂದು ನೋಡಿ” ಅನ್ನುವ ಅತ್ತೆಯರು. ಮುಂಬಾಗಿಲಿಗೆ ಮಾತ್ರ ಚಿಲಕ ಹಾಕಿ ಇಬ್ಬರೂ ನಿಶ್ಚಿಂತರಾಗುವುದೇ ಹೆಚ್ಚಿನ ಜಗಳಗಳ ಮೂಲ.

ಮುಂಬಾಗಿಲೂ ಅಷ್ಟು ಸಲೀಸಾಗಿ ಮುಚ್ಚುವುದಿಲ್ಲ ಅನ್ನುವುದು ಬೇರೆ ಮಾತು. ಜಯನಗರದ ಸಂಜೆ ಇವನು ಅವಳೆದುರೇ ಆಪ್ ಅನ್ನು ಫೋನಿನಿಂದ ತೆಗೆದುಹಾಕಿದ. ನಾಲ್ಕು ದಿನ ಬಿಟ್ಟು ಅವಳ ರೂಮ್‌ಮೇಟ್‌ಗೆ ಅವನ ಫೋಟೊ ಕಾಣಿಸಿತು, ಒಂದು ರಾತ್ರಿ ನಿದ್ದೆ ಹಾಳಾಯಿತು. ಫೋನಿನಿಂದ ಆಪ್ ತೆಗೆದರೆ ಖಾತೆ ಹೋಗುವುದಿಲ್ಲ, ಅದು ಕಂಪನಿಯ ಸರ್ವರ್‌ನಲ್ಲಿ ಉಳಿದು ಇನ್ನೂ ಕೆಲವರಿಗೆ ಕಾಣಿಸುತ್ತಿರಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯನ್ನೇ ಅಳಿಸಬೇಕು, ಇಲ್ಲವೇ ಪ್ರೊಫೈಲ್ ಮರೆಮಾಡಬೇಕು. ಆದ್ದರಿಂದ ಫೋಟೊ ಕಂಡ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸುವ ಹಾಗಿಲ್ಲ. ಹೊಸ ಫೋಟೊ ಏರಿದ್ದರೆ, ಪರಿಚಯದ ಸಾಲುಗಳು ಬದಲಾಗಿದ್ದರೆ ಆಗ ಕೇಳುವುದು ನ್ಯಾಯ.

ಇನ್ನು ಯಾವಾಗ ಕೇಳಬೇಕು ಅನ್ನುವುದು. ವಾರಗಳನ್ನು ಎಣಿಸುವುದಕ್ಕಿಂತ ಭೇಟಿಗಳನ್ನು ಎಣಿಸುವುದು ಮೇಲು. ದಿನವಿಡೀ ವಾಟ್ಸ್‌ಆಪ್ ಮಾಡುತ್ತ ಎರಡೇ ಸಲ ಸಿಕ್ಕವರಿಗೆ ಆರು ವಾರವಾದರೂ ಒಬ್ಬರ ಮುಂಗೋಪ ಇನ್ನೊಬ್ಬರು ಕಂಡಿರುವುದಿಲ್ಲ. ಆದರೆ ಒಂದು ಗಡಿಯ ವಿಷಯದಲ್ಲಿ ನಾನು ಹಟಮಾರಿ: ಹಿಂದಿರುಗಲು ಕಷ್ಟವಾಗುವ ಯಾವುದೇ ಹೆಜ್ಜೆಗೆ ಮೊದಲು ಈ ಮಾತು ಆಗಿರಬೇಕು. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ ಮತ್ತು ಗೆಲೀನಾ ರೋಡ್ಸ್ ಜೋಡಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. 2006ರಲ್ಲಿ ತಮ್ಮ ಸಹೋದ್ಯೋಗಿಯೊಬ್ಬರೊಂದಿಗೆ ಅವರು ಮುಂದಿಟ್ಟ ವಿಚಾರ ಸರಳ. ಜೋಡಿಗಳು ಎಷ್ಟೋ ಸಲ ನಿರ್ಧಾರ ಮಾಡಿ ಮುಂದೆ ಹೋಗುವುದಿಲ್ಲ, ಜಾರಿಕೊಂಡು ಹೋಗುತ್ತಾರೆ. ಟೂತ್‌ಬ್ರಷ್ ಒಂದು ಅಲ್ಲಿ ಉಳಿಯಿತು, ಆಮೇಲೆ ಬಟ್ಟೆ, ಆಮೇಲೆ ಬಾಡಿಗೆ ಹಂಚಿಕೆ. ಬಿಟ್ಟು ಬರುವ ಖರ್ಚು ಏರುತ್ತ ಹೋಗುತ್ತದೆ, ಆದರೆ ಒಬ್ಬರಿಗೆ ಮದುವೆ ಬೇಕು, ಇನ್ನೊಬ್ಬರಿಗೆ ಬೇಡ ಅನ್ನುವ ಸಂಗತಿ ಮಾತ್ರ ಯಾರೂ ಕೇಳದೆ ಉಳಿದಿರುತ್ತದೆ.

ಲೈಂಗಿಕ ಸಂಬಂಧ ಇದ್ದರೆ ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ‘ಇನ್ನು ನಾವಿಬ್ಬರೇ’ ಅಂದ ರಾತ್ರಿಯೇ ಕಾಂಡೋಮ್ ಬಿಡುವವರಿದ್ದಾರೆ. ಒಪ್ಪಂದ ಇವತ್ತಿನದು, ದೇಹಕ್ಕೆ ನಿನ್ನೆಯದೂ ಗೊತ್ತಿರುತ್ತದೆ. ಎಚ್‌ಐವಿ ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಪರೀಕ್ಷೆಯ ಬಗೆಯನ್ನು ಅವಲಂಬಿಸಿ ಮೂರು ತಿಂಗಳವರೆಗೂ ಕಾಯಬೇಕಾಗಬಹುದು. ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ, ಗುಟ್ಟೂ ಹೊರಹೋಗುವುದಿಲ್ಲ. ಇಬ್ಬರೂ ಒಟ್ಟಿಗೆ ಹೋದರೆ ಯಾರು ಯಾರನ್ನು ಅನುಮಾನಿಸಿದರು ಅನ್ನುವ ಪ್ರಶ್ನೆ ಏಳುವುದಿಲ್ಲ.

ಚಿಕ್ಕಮ್ಮನ ಮಗಳ ಮೊದಲ ಮಾತುಕತೆ ಯಾಕೆ ಕೆಟ್ಟಿತು ಅಂತ ಇಬ್ಬರೂ ಕೂತು ಬಿಡಿಸಿ ನೋಡಿದೆವು. ಹೋಟೆಲಿನಲ್ಲಿ ಗದ್ದಲ, ಬಿಲ್ ತಂದಿಟ್ಟ ಮಾಣಿ ಪಕ್ಕದಲ್ಲೇ ನಿಂತಿದ್ದ. ಅದಕ್ಕಿಂತ ಮುಖ್ಯವಾಗಿ, ಅವಳು ಕೇಳಿದಳೇ ಹೊರತು ತನ್ನದೇನೂ ಹೇಳಲಿಲ್ಲ. ಬರೀ ಪ್ರಶ್ನೆ ಬಂದರೆ ಎದುರಿನವರಿಗೆ ಅದು ವಿಚಾರಣೆಯ ಹಾಗೆ ಕೇಳಿಸುತ್ತದೆ, ಎಷ್ಟು ಚಿಕ್ಕ ಉತ್ತರ ಕೊಟ್ಟು ಪಾರಾಗಬಹುದೋ ಅಷ್ಟೇ ಕೊಡುತ್ತಾರೆ. ಮೊದಲು ತನ್ನ ಪರಿಸ್ಥಿತಿ ಹೇಳಿ ಆಮೇಲೆ ಕೇಳಿದರೆ ಎಷ್ಟು ದೊಡ್ಡ ಉತ್ತರ ಬೇಕು ಅನ್ನುವುದು ಅವರಿಗೂ ತಿಳಿಯುತ್ತದೆ.

ಎರಡನೆಯ ಸಲ ಲಾಲ್‌ಬಾಗ್‌ನಲ್ಲಿ, ಬೆಳಗಿನ ಹೊತ್ತು. ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಒಂದು ಸುತ್ತು, ಇಳಿದು ಕೆರೆಯ ದಾರಿಯಲ್ಲಿ ಇನ್ನೊಂದು. ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಮಾತು ನಿಂತರೆ ಕಾಲಾದರೂ ನಡೆಯುತ್ತಿರುತ್ತದೆ. ಅವಳು ಆಡಿದ ಮಾತು, ನನಗೆ ಹೇಳಿದಂತೆ, ಇಷ್ಟು: “ನಾನು ಒಂದು ತಿಂಗಳಿಂದ ಬೇರೆ ಯಾರನ್ನೂ ಭೇಟಿಯಾಗಿಲ್ಲ. ಮನೇಲಿ ಎರಡು ಗಂಡು ತೋರಿಸಿದ್ರು, ಈಗ ಬೇಡ ಅಂದಿದೀನಿ, ಯಾಕೆ ಅಂತ ಹೇಳಿಲ್ಲ. ಈ ವರ್ಷವೇ ಮದುವೆ ಅಂತ ನನಗೇನಿಲ್ಲ. ಆದ್ರೆ ಮದುವೆ ಕಡೆಗೆ ಹೋಗೋದೇ ಇಲ್ಲ ಅಂತ ಗೊತ್ತಿದ್ರೆ ನನಗೆ ಇದು ಬೇಡ. ನಿಮ್ಮದು ಹೇಗೆ?”

ಇಲ್ಲಿ ಆಪ್, ಮನೆ, ಮುಂದಿನ ಆಸೆ, ಮೂರೂ ಬೇರೆ ಬೇರೆಯಾಗಿ ಬಂದಿವೆ ನೋಡಿ. ಇವನ್ನು ಒಂದೇ ಪ್ರಶ್ನೆಗೆ ತುರುಕಿದಾಗಲೇ ಗೊಂದಲ. ಮೂರನೆಯದರಲ್ಲಿ ಅವಳು ಮಾತು ಕೊಡಲೂ ಇಲ್ಲ, ಮಾತು ಕೇಳಲೂ ಇಲ್ಲ, ದಿಕ್ಕು ಮಾತ್ರ ಕೇಳಿದಳು. ನಮ್ಮ ದೇಶದಲ್ಲಿ ಈ ವ್ಯತ್ಯಾಸಕ್ಕೆ ಕಾನೂನಿನ ತೂಕವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಪ್ರಕಾರ, ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಪರ್ಕ ಬೆಳೆಸುವುದು ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಮೊದಲಿನಿಂದಲೂ ಸುಳ್ಳಾಗಿದ್ದ ಮಾತು ಬೇರೆ, ಮನಸಾರೆ ಕೊಟ್ಟು ಆಮೇಲೆ ನಡೆಸಲಾಗದೆ ಹೋದ ಮಾತು ಬೇರೆ ಎಂದು 2019ರ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ಏಳನೇ ವಾರದ ಖುಷಿಯಲ್ಲಿ “ನಿನ್ನನ್ನೇ ಮದುವೆಯಾಗ್ತೀನಿ” ಅಂತ ಬಾಯಿಗೆ ಬಂದದ್ದನ್ನು ಅಂದುಬಿಡುವ ಗಂಡಸರು ಇದನ್ನು ತಿಳಿದಿರುವುದು ಒಳ್ಳೆಯದು. ಕಾನೂನನ್ನು ಪಕ್ಕಕ್ಕಿಟ್ಟರೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಸಾಧ್ಯವಿದೆ.

ಅವನು ಎಂಟು ಹತ್ತು ಹೆಜ್ಜೆ ಸುಮ್ಮನೆ ನಡೆದು, “ನೋಡೋಣ್ರಿ” ಅಂದ.

ಕನ್ನಡದಲ್ಲಿ ಇದಕ್ಕಿಂತ ಜಾರುವ ಪದ ಇಲ್ಲ. ಸಾಲ ಕೇಳಿದವನಿಗೂ ನೋಡೋಣ, ಊಟಕ್ಕೆ ಕರೆದವನಿಗೂ ನೋಡೋಣ. ಅದು ಇಲ್ಲ ಅಂತಲೂ ಆಗಬಹುದು, ಹೆದರಿದ ಹೌದೂ ಆಗಬಹುದು. ಎರಡನ್ನೂ ಬೇರ್ಪಡಿಸುವ ದಾರಿ ಒಂದೇ, ಅದಕ್ಕೊಂದು ತಾರೀಖು ಕಟ್ಟುವುದು. ನಿಜಕ್ಕೂ ಯೋಚಿಸುವವರು ಏನನ್ನು ಯೋಚಿಸಬೇಕು, ಎಷ್ಟು ದಿನ ಬೇಕು ಅಂತ ಹೇಳಬಲ್ಲರು. ತಪ್ಪಿಸಿಕೊಳ್ಳುವವರಿಗೆ ತಾರೀಖು ಕೇಳಿದ ಕೂಡಲೇ ಸಿಟ್ಟು ಬರುತ್ತದೆ, ಇಲ್ಲವೇ “ಈಗ ಚೆನ್ನಾಗೇ ಇದೀವಲ್ಲ, ಹೆಸರು ಯಾಕೆ ಬೇಕು” ಅನ್ನುವ ತತ್ತ್ವಜ್ಞಾನ ಶುರುವಾಗುತ್ತದೆ. ತಾರೀಖು ಕೊಟ್ಟು, ಅದು ಕಳೆದ ಮೇಲೆ ಇನ್ನೊಂದು ತಾರೀಖು ಕೇಳಿದರೆ ಅದೂ ಉತ್ತರವೇ. ಇಲ್ಲ ಅಂತಲೇ ಬಂದರೆ ವಾದಿಸಿ ಗೆಲ್ಲುವಂಥದ್ದೇನೂ ಇಲ್ಲ. ಬೇಡ ಅಂದವರನ್ನು ಒಪ್ಪಿಸಿ ತಂದ ಒಪ್ಪಂದ ತಿಂಗಳು ದಾಟುವುದನ್ನು ನಾನು ಕಂಡಿಲ್ಲ.

“ಎಷ್ಟು ದಿನ?” ಅಂತ ಅವಳು ಕೇಳಿದಳು. ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಜೊತೆ ಮಾತಾಡುತ್ತೇನೆ ಅಂದ. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅಲ್ಲಿವರೆಗೆ ಹೆಣ್ಣು ನೋಡುವುದು ನಡೆಯುತ್ತಲೇ ಇರುತ್ತದಾ ಅಂದಳು. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಕೊನೆಗೆ ಒಂದು ನಡುದಾರಿ ಸಿಕ್ಕಿತು: ಅವಳ ವಿಷಯ ಮನೆಯಲ್ಲಿ ಯಾವಾಗ ಹೇಳುವುದು ಅನ್ನುವುದು ಅವನಿಗೆ ಬಿಟ್ಟದ್ದು, ಆದರೆ ಮ್ಯಾಟ್ರಿಮೊನಿ ಪ್ರೊಫೈಲನ್ನು ತಿಂಗಳ ಕೊನೆಯೊಳಗೆ ತೆಗೆಸಬೇಕು, ಯಾರ ಮನೆಗೂ ಹೋಗಿ ಅವಲಕ್ಕಿ ತಿನ್ನಬಾರದು. ಗೇಟಿನ ಹತ್ತಿರ ಬರುವಷ್ಟರಲ್ಲಿ ಅವಳಿಗೆ ಹೊಳೆದದ್ದು, ಕೆರೆ ದಾಟಿದ ಮೇಲೆ ತಾನು ಯಾವಾಗಲೋ ‘ನೀನು’ ಅನ್ನತೊಡಗಿದ್ದಳು. ಅವನು ಮಾತ್ರ ಇನ್ನೂ ‘ರೀ’ ಬಿಟ್ಟಿರಲಿಲ್ಲ.

ಪ್ರೊಫೈಲ್ ಮಾಡಿದ್ದು ಅವನ ಅಕ್ಕ. ಪಾಸ್‌ವರ್ಡ್ ಅವಳಿಗೂ ಮರೆತಿತ್ತು. ಹೊಸದು ಬೇಕೆಂದರೆ ಮೊಬೈಲಿಗೆ ಓಟಿಪಿ ಬರುತ್ತದೆ, ಕೊಟ್ಟಿದ್ದ ಮೊಬೈಲ್ ನಂಬರ್ ಅವ್ವನದು. ದೀಪಾವಳಿಯವರೆಗೆ ಕಾಯುವ ಮಾತು ಅಲ್ಲಿಗೆ ಮುಗಿಯಿತು. ಬುಧವಾರ ಸಂಜೆ ಆಫೀಸಿನ ಮೆಟ್ಟಿಲ ಮೇಲೆ ನಿಂತು ಧಾರವಾಡಕ್ಕೆ ಫೋನ್ ಹಚ್ಚಿ, “ಅವ್ವ, ನಿನ್ನ ಫೋನಿಗೆ ಒಂದು ನಂಬರ್ ಬಂದದ, ಹೇಳು” ಅಂದನಂತೆ. ಅವ್ವ ಕನ್ನಡಕ ಹುಡುಕಿ ಹಾಕಿಕೊಂಡು ನಾಲ್ಕು ಅಂಕಿ ಓದಿ ಹೇಳಿ, ಉಳಿದೆರಡನ್ನು ಹೇಳುವ ಮೊದಲು ಕೇಳಿದರು:

“ಯಾಕೋ, ಯಾರರ ಸಿಕ್ಕಾರೇನು?”