ಎಲೆಯಡಿಕೆ ಕಲೆಗೆ ಮೊದಲು ಹುಳಿ, ಆಮೇಲೆ ಸೋಪು

ಬಿಳಿ ಪಂಚೆಯ ಮೇಲೆ ಎಲೆಯಡಿಕೆ ರಸ ಬಿದ್ದರೆ ಎಲ್ಲರೂ ಮೊದಲು ಹುಡುಕುವುದು ಸೋಪನ್ನು. ಹಾಗೆ ಮಾಡಿದರೆ ಕಲೆ ಇನ್ನಷ್ಟು ಗಾಢವಾಗುತ್ತದೆ. ಆ ಕೆಂಪು ಎಲೆಯದಲ್ಲ; ಅಡಿಕೆಯ ಚೊಗರು ಸುಣ್ಣದೊಂದಿಗೆ ಸೇರಿ ಹುಟ್ಟಿದ್ದು. ಬಟ್ಟೆ ಸೋಪು, ವಾಷಿಂಗ್ ಸೋಡಾ ಕೂಡ ಸುಣ್ಣದಂತೆ ಕ್ಷಾರವೇ. ಹುಳಿ ತಾಗಿದರೆ ಮಾತ್ರ ಕೆಂಪು ಹಳದಿಯತ್ತ ತಿರುಗಿ ಸಡಿಲಾಗುತ್ತದೆ.

ಹಾಗಾಗಿ ಕಲೆಯ ಹಿಂಬದಿಯಿಂದ ತಣ್ಣೀರು ಬಿಟ್ಟು, ನಿಂಬೆರಸ ಹಿಂಡಿ ಕಾಲು ಗಂಟೆ ಬಿಡಿ. ಬಣ್ಣ ಮಾಸಿದ್ದು ಕಣ್ಣಿಗೇ ಕಾಣುತ್ತದೆ. ಚೆನ್ನಾಗಿ ಜಾಲಾಡಿದ ಮೇಲೆ ಸೋಪು ಹಾಕಿ. ಉಳಿದ ಕಂದು ಗುರುತಿಗೆ ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬಹುದು, ಆದರೆ ಬಿಳಿ ಬಟ್ಟೆಗೆ ಮಾತ್ರ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಬೇಡ; ಬಿಸಿಗೆ ಅದು ನೂಲಿನಲ್ಲೇ ಕೂತುಬಿಡುತ್ತದೆ.

ಗ್ರಾನೈಟ್ ಮೆಟ್ಟಿಲಿಗೂ ನಿಂಬೆರಸ ನಡೆಯುತ್ತದೆ. ಮಾರ್ಬಲ್, ಕಡಪ ಕಲ್ಲಿಗೆ ಖಂಡಿತ ಬೇಡ, ಹುಳಿ ಆ ಕಲ್ಲನ್ನೇ ತಿನ್ನುತ್ತದೆ. ಅಲ್ಲಿ ಅಡುಗೆ ಸೋಡಾವನ್ನು ಪೆರಾಕ್ಸೈಡ್‌ನಲ್ಲಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ, ಒಂದು ರಾತ್ರಿ ಬಿಟ್ಟು ತೊಳೆಯಿರಿ. ಕಪ್ಪು ಕಡಪವಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಬ್ಲೀಚಿಂಗ್ ಪೌಡರನ್ನು ಹುಳಿಯೊಂದಿಗೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಸುಣ್ಣ ಬಳಿದ ಗೋಡೆಯನ್ನು ಉಜ್ಜಿ ಪ್ರಯೋಜನವಿಲ್ಲ. ಕೆರೆದು, ಕಲೆ ತಡೆಯುವ ಪ್ರೈಮರ್ ಹಚ್ಚಿ, ಮೇಲೆ ಪೇಂಟ್ ಬಳಿಯಬೇಕು; ಬರೀ ಸುಣ್ಣ ಹೊಡೆದರೆ ಕೆಂಪು ಮತ್ತೆ ಮೇಲೇಳುತ್ತದೆ.