ರಿಂಗ್ ಕೇಳಿ ದೇಶ ಹೇಳುವುದು

ಊರಿಗೆ ಹೋಗುತ್ತೇನೆಂದು ರಜೆ ಹಾಕಿದ ಸಹೋದ್ಯೋಗಿಗೆ ಫೋನ್ ಮಾಡುತ್ತೀರಿ. ನಂಬರು ಕರ್ನಾಟಕದ್ದೇ. ಆದರೆ ಕಿವಿಗೆ ಬೀಳುವುದು ಎಂದಿನ ‘ಟ್ರಿಣ್-ಟ್ರಿಣ್’ ಅಲ್ಲ. ಉದ್ದನೆಯ ಒಂದು ‘ಟೂ...’, ಆಮೇಲೆ ಅದಕ್ಕಿಂತ ಉದ್ದದ ಮೌನ. ಆಸಾಮಿ ತೀರ್ಥಹಳ್ಳಿಯಲ್ಲಿಲ್ಲ ಎಂದು ಅನುಮಾನಪಡಲು ಇಷ್ಟು ಸಾಕು.

ನಾವು ಕೇಳುವ ರಿಂಗ್ ಅವನ ಫೋನಿನ ಸದ್ದಲ್ಲ. ರೋಮಿಂಗ್‌ನಲ್ಲಿ ಕರೆ ಮೊದಲು ಅವನ ಇಲ್ಲಿನ ಮೊಬೈಲ್ ಕಂಪನಿಗೆ ಹೋಗಿ, ಅಲ್ಲಿಂದ ಅವನಿರುವ ದೇಶದ ಎಕ್ಸ್‌ಚೇಂಜಿಗೆ ತಿರುಗುತ್ತದೆ. ಅವನ ಫೋನು ರಿಂಗಾಗುತ್ತಿದೆ ಎಂದು ತಿಳಿಸುವ ಸದ್ದನ್ನು ಸಾಮಾನ್ಯವಾಗಿ ಆ ಎಕ್ಸ್‌ಚೇಂಜೇ ಕಳಿಸುತ್ತದೆ, ತನ್ನ ದೇಶದ ತಾಳದಲ್ಲಿ.

ಆ ತಾಳವನ್ನು ಗಡಿಯಾರ ಹಿಡಿದು ಅಳೆಯಬಹುದು. ಭಾರತದಲ್ಲಿ 0.4 ಸೆಕೆಂಡ್ ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, 2 ಸೆಕೆಂಡ್ ಮೌನ. ಅಮೆರಿಕ, ಕೆನಡಾಗಳಲ್ಲಿ 2 ಸೆಕೆಂಡ್ ಸದ್ದು, 4 ಸೆಕೆಂಡ್ ಮೌನ. ಅಲ್ಲಿ 440 ಮತ್ತು 480 ಹರ್ಟ್ಸ್‌ನ ಎರಡು ಸ್ವರ ಬೆರೆಯುವುದರಿಂದ ಸದ್ದು ಗುರುಗುಟ್ಟುತ್ತದೆ. ಜರ್ಮನಿಯದು 425 ಹರ್ಟ್ಸ್‌ನ ಒಂಟಿ ಸ್ವರ: 1 ಸೆಕೆಂಡ್ ನುಡಿದು 4 ಸೆಕೆಂಡ್ ಸುಮ್ಮನಾಗುತ್ತದೆ. ಸಹೋದ್ಯೋಗಿ ಲಂಡನ್ನಿಗೆ ಹೋಗಿದ್ದರೆ ಮಾತ್ರ ಬಚಾವ್! ಬ್ರಿಟನ್ನಿನ ತಾಳವೂ ನಮ್ಮದೇ. ಆಸ್ಟ್ರೇಲಿಯಾ, ಸಿಂಗಪುರಗಳದ್ದೂ ಅದೇ ಜೋಡಿ ರಿಂಗ್.

ಎಂಗೇಜ್ ಟೋನ್ ವಿಷಯದಲ್ಲಿ ಹಲವರು ಎಡವುತ್ತಾರೆ. ಹಳೆಯ ಎಕ್ಸ್‌ಚೇಂಜುಗಳಲ್ಲಿ ಅದೂ ಆಚೆ ತುದಿಯಿಂದಲೇ ಬರುತ್ತಿತ್ತು. ಈಗ ಆ ಕಡೆಯಿಂದ ಬರುವುದು ‘ಲೈನ್ ಬಿಡುವಿಲ್ಲ’ ಎಂಬ ಸಂಕೇತ ಮಾತ್ರ. ಅದನ್ನು ಟೋನ್ ಆಗಿಸುವುದು ಹೆಚ್ಚಾಗಿ ನಮ್ಮ ಕಡೆಯ ಎಕ್ಸ್‌ಚೇಂಜ್, ಇಲ್ಲವೇ ನಮ್ಮ ಕೈಲಿರುವ ಫೋನು. ಹಾಗಾಗಿ ಎಂಗೇಜ್ ಟೋನ್ ಕೇಳಿ ಅವನ ದೇಶ ಊಹಿಸಿದರೆ ಸಿಗುವುದು ನಮ್ಮದೇ ವಿಳಾಸ.

ಧ್ವನಿಮುದ್ರಿತ ಪ್ರಕಟಣೆ ಬಂದರೆ ಭಾಷೆಯ ಜೊತೆಗೆ ಅದರ ಸರದಿಯನ್ನೂ ಗಮನಿಸಬೇಕು. ಮೊದಲು ಅರೇಬಿಕ್, ಬಳಿಕ ಇಂಗ್ಲಿಷ್ ಎಂದಾದರೆ ಕೊಲ್ಲಿ ದೇಶದ ಕಡೆ ಬೆರಳು ತೋರಿಸಬಹುದು. ಮಾತಿಗೆ ಮುಂಚೆ ಏರುತ್ತಾ ಹೋಗುವ ಮೂರು ಪೀಪಿ ಸ್ವರ ಕೇಳಿಸಿದರೆ ಅಮೆರಿಕ ಇರಬಹುದು, ಆದರೆ ಅದು ಬೇರೆ ಕಡೆಯೂ ಬಳಕೆಯಲ್ಲಿದೆ. ಅವನು ಫೋನ್ ಸ್ವಿಚ್ ಆಫ್ ಮಾಡಿದ್ದರೆ ಕರೆ ಗಡಿ ದಾಟದೆಯೂ ಇರಬಹುದು. ಆಗ ಅವನು ಬರ್ಲಿನ್‌ನಲ್ಲಿದ್ದರೂ ಉತ್ತರ ಕನ್ನಡದಲ್ಲೇ ಬಂದೀತು.

ಕಾಲರ್ ಟ್ಯೂನ್ ಹಾಕಿಸಿಕೊಂಡವರ ರಿಂಗ್ ಹಾಡಿನಡಿ ಮುಚ್ಚಿಹೋಗುತ್ತದೆ. ವಾಟ್ಸ್ಆ್ಯಪ್ ಕರೆಯಲ್ಲಿ ಆ್ಯಪೇ ತನ್ನ ಸದ್ದು ಹೊರಡಿಸುತ್ತದೆ. 4ಜಿ ರೋಮಿಂಗ್‌ನ ಒಂದು ವಿಧಾನದಲ್ಲಂತೂ ಕರೆಯ ನಿರ್ವಹಣೆಯೆಲ್ಲ ಸ್ವಂತ ಊರಿನ ಕಂಪನಿಯದ್ದೇ; ಚಂದಾದಾರ ಷಿಕಾಗೋದಲ್ಲಿದ್ದರೂ ಕೇಳುವುದು ಇಲ್ಲಿನ ಜೋಡಿ ರಿಂಗ್.