ಶಿಖರದ ರೇಖೆಯ ಗುಟ್ಟು

ಶಿವಯೋಗ ಮಂದಿರಕ್ಕೆ ಬರುವ ಭಕ್ತರು ಸಮೀಪದ ಪಟ್ಟದಕಲ್ಲನ್ನೂ ಕಾಣುವುದುಂಟು. ಅಲ್ಲಿನ ಶಿಖರಗಳ ಹೊರರೇಖೆಗಳನ್ನು ಬರೆದುಕೊಂಡು ನಾವು ಎರಡು ಗುಂಪು ಮಾಡಿದೆವು. ಒಂದರಲ್ಲಿ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ. ಇನ್ನೊಂದರಲ್ಲಿ ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ. ಅಲಂಕಾರದಿಂದ ಈ ವಿಭಜನೆ ತಿಳಿಯದು. ಸರಳವಾದ ಸಂಗಮೇಶ್ವರವೂ ಶಿಲ್ಪಸಮೃದ್ಧವಾದ ವಿರೂಪಾಕ್ಷವೂ ಒಂದೇ ಗುಂಪಿನವು. ಗುಟ್ಟಿರುವುದು ಶಿಖರದ ಅಂಚಿನಲ್ಲಿ. ಮೊದಲಿನವು ಅಂತಸ್ತು ಅಂತಸ್ತಾಗಿ ಮೆಟ್ಟಿಲಿನಂತೆ ಕಿರಿದಾಗುತ್ತವೆ. ಇದು ದ್ರಾವಿಡ ರೀತಿ. ಎರಡನೆಯವುಗಳ ಅಂಚು ಒಂದೇ ರೇಖೆಯಾಗಿ ಒಳಕ್ಕೆ ಬಾಗುತ್ತ ಏರುತ್ತದೆ, ಇದು ನಾಗರ.

ಈಗ ಪಾಪನಾಥವನ್ನು ಎಲ್ಲಿಡೋಣ? ಗೋಡೆಯ ಮೇಲಂಚಿನ ಕಿರುಗುಡಿಗಳ ಸಾಲನ್ನು ಕಂಡವರು ದ್ರಾವಿಡವೆಂದು ತಪ್ಪುತ್ತಾರೆ. ಶಿಖರದ ಅಂಚಾದರೋ ಬಾಗಿ ಏರಿದೆ. ಆದ್ದರಿಂದ ನಮ್ಮ ವಿಭಜನೆಯಲ್ಲಿ ಅದರ ಸ್ಥಾನ ಎರಡನೆಯ ಗುಂಪು. ಆದರೆ ಹೀಗೆ ನಿರ್ಣಯವಾದುದು ಶಿಖರ ಮಾತ್ರ. ಇಡೀ ದೇಗುಲ ಎರಡೂ ರೀತಿಗಳ ಸಂಗಮವಾಗಿಯೇ ಉಳಿಯುತ್ತದೆ.